ಮಗ್ಗಿನ ಮೇಲಿನ ಮಾತು ಯಾರದು?

ನವೆಂಬರ್ ಹತ್ತಿರವಾಯಿತೆಂದರೆ ಕಾಫಿ ಮಗ್ಗು, ಟೀ ಶರ್ಟು, ಕೀ ಚೈನುಗಳ ಮೇಲೆ ಕನ್ನಡದ ಮಾತುಗಳು ಅರಳತೊಡಗುತ್ತವೆ. ಅಂಗಡಿಯವರೊಬ್ಬರು ಈ ಸಲದ ರಾಜ್ಯೋತ್ಸವಕ್ಕೆ ಐನೂರು ಮಗ್ಗು ಮಾಡಿಸಿ ಮಾರಲು ಹೊರಟಿದ್ದಾರೆ ಎಂದುಕೊಳ್ಳೋಣ. ಅವರ ಚೀಟಿಯಲ್ಲಿ ಐದು ಮಾತುಗಳಿವೆ: ಬಸವಣ್ಣನವರ ಒಂದು ವಚನ, ಅದೇ ವಚನದ ಇಂಗ್ಲಿಷ್ ರೂಪ, ಮಂಜೇಶ್ವರ ಗೋವಿಂದ ಪೈಗಳ ಕವಿತೆಯ ಎರಡು ಸಾಲು, ಗಾಂಧೀಜಿಯ ಆತ್ಮಕಥೆಯ ಒಂದು ವಾಕ್ಯ, ಮತ್ತು ಮಂಕುತಿಮ್ಮನ ಕಗ್ಗದ ಒಂದು ಮುಕ್ತಕ. ‘ಎಲ್ಲ ಹಳೇ ಕಾಲದವು, ಯಾರು ಕೇಳುತ್ತಾರೆ’ ಎಂಬುದು ಅವರ ಧೈರ್ಯ. ಕಾನೂನಿನ ಕಣ್ಣಿಗೆ ಈ ಐದೂ ಒಂದೇ ವಯಸ್ಸಿನವಲ್ಲ. ಎಲ್ಲಕ್ಕಿಂತ ಹಳೆಯದಾಗಿ ಕಾಣುವ ವಚನದ ಇಂಗ್ಲಿಷ್ ರೂಪವೇ ಇವುಗಳಲ್ಲಿ ಎಲ್ಲಕ್ಕಿಂತ ತಡವಾಗಿ ಬಿಡುಗಡೆಯಾಗುವಂಥದ್ದು.

ಭಾರತದ 1957ರ ಕಾಪಿರೈಟ್ ಕಾಯ್ದೆ ಲೆಕ್ಕ ಹಾಕುವುದು ಮಾತು ಹುಟ್ಟಿದ ದಿನದಿಂದಲ್ಲ, ಬರೆದವರು ತೀರಿಕೊಂಡ ವರ್ಷದಿಂದ. ಲೇಖಕರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಆ 60ರ ಎಣಿಕೆ ತೀರಿಕೊಂಡ ದಿನದಿಂದಲ್ಲದೆ ಮುಂದಿನ ಜನವರಿ 1ರಿಂದ ಶುರುವಾಗುತ್ತದೆ. ಹಾಗಾಗಿ ಬೆರಳೆಣಿಕೆಯ ಸೂತ್ರ ಸುಲಭ: ತೀರಿಕೊಂಡ ವರ್ಷಕ್ಕೆ 61 ಕೂಡಿಸಿ, ಬಂದ ವರ್ಷದ ಜನವರಿ 1ರಂದು ಬರಹ ಎಲ್ಲರದಾಗುತ್ತದೆ. ಗೋವಿಂದ ಪೈಗಳು ಹೋದದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಕವಿತೆಗಳು 2024ರ ಜನವರಿ 1ಕ್ಕೆ ಮುಕ್ತವಾದವು. ಚೀಟಿಯಲ್ಲಿ ಅವರ ಹೆಸರಿನ ಮುಂದೆ ಗುರುತು ಹಾಕಬಹುದು.

ಅದೇ ರಾಷ್ಟ್ರಕವಿ ಬಿರುದಿನ ಇನ್ನೊಬ್ಬರು ಕುವೆಂಪು. ಅವರು ತೀರಿಕೊಂಡದ್ದು 1994ರಲ್ಲಿ, ಲೆಕ್ಕ ಮುಗಿಯುವುದು 2055ಕ್ಕೆ. ಅವರದೊಂದು ಕವಿತೆ ನಮ್ಮ ನಾಡಗೀತೆ. ಶಾಲೆಯಲ್ಲಿ ದಿನವೂ ಹಾಡುವ ಗೀತೆಯನ್ನು ಟೀ ಶರ್ಟಿನ ಮೇಲೆ ಹಾಕಲು ಯಾರ ಅಪ್ಪಣೆ ಬೇಕು ಎಂದು ಅನೇಕರಿಗೆ ಅನ್ನಿಸುತ್ತದೆ. ಹಾಡುವುದು ಬೇರೆ, ಅಚ್ಚು ಹಾಕಿ ಮಾರುವುದು ಬೇರೆ. ನಾಡಗೀತೆ ಎಂದು ಘೋಷಿಸಿದ ಮಾತ್ರಕ್ಕೆ ಹಕ್ಕಿನ ಅವಧಿ ಮೊಟಕಾಗುವುದಿಲ್ಲ. ಬೇಂದ್ರೆಯವರದು 2042, ಮಾಸ್ತಿಯವರದು 2047.

ಈ 60 ಎಂಬ ಸಂಖ್ಯೆ ಮೊದಲಿನಿಂದ ಇದ್ದದ್ದಲ್ಲ. ಅದರ ಹಿಂದೆ ರವೀಂದ್ರನಾಥ ಟ್ಯಾಗೋರರಿದ್ದಾರೆ. ಮೊದಲು ಅವಧಿ 50 ವರ್ಷವಿತ್ತು. ಟ್ಯಾಗೋರ್ 1941ರಲ್ಲಿ ತೀರಿಕೊಂಡಿದ್ದರಿಂದ ಅವರ ಬರಹಗಳ ಮೇಲೆ ವಿಶ್ವಭಾರತಿಗಿದ್ದ ಹಕ್ಕು 1991ರ ಕೊನೆಗೆ ಮುಗಿಯಬೇಕಿತ್ತು. ವರ್ಷ ಮುಗಿಯಲು ಕೆಲವೇ ದಿನ ಇರುವಾಗ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಹತ್ತು ವರ್ಷ ಸೇರಿಸಿತು, 1992ರಲ್ಲಿ ಅದು ಕಾಯ್ದೆಯೇ ಆಯಿತು. ಒಬ್ಬ ಕವಿಗಾಗಿ ಮಾಡಿದ್ದು ಆಗ ಹಕ್ಕು ಉಳಿದಿದ್ದ ದೇಶದ ಎಲ್ಲ ಬರಹಗಾರರಿಗೂ ಅನ್ವಯಿಸಿತು. 1991ಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ‘50 ವರ್ಷ’ ಎಂದು ಓದಿದವರು ಎಡವುವುದು ಇಲ್ಲೇ.

ಈಗ ವಚನಕ್ಕೆ ಬರೋಣ. ಹನ್ನೆರಡನೆಯ ಶತಮಾನದ ಮಾತಿಗೆ ಇಂದು ಒಡೆಯರಿಲ್ಲ. ಪಠ್ಯವನ್ನು ಹಳೆಯ ಸಂಪಾದನೆಯಿಂದ ತೆಗೆದುಕೊಂಡರೆ ಇನ್ನೂ ನಿಶ್ಚಿಂತೆ. ಫ.ಗು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು, ಅವರು ಪ್ರಕಟಿಸಿದ್ದ ಟಿಪ್ಪಣಿಗಳೂ 2025ಕ್ಕೆ ಮುಕ್ತವಾಗಿವೆ. ಇತ್ತೀಚಿನ ಆವೃತ್ತಿಯಾದರೆ ವಚನವನ್ನಷ್ಟೇ ಎತ್ತಿಕೊಳ್ಳಬೇಕು, ಕೆಳಗಿನ ಅರ್ಥ ವಿವರಣೆ ಸಂಪಾದಕರದು. ಪುಸ್ತಕದ ಎರಡನೇ ಪುಟದಲ್ಲಿ ‘ಎಲ್ಲ ಹಕ್ಕು ಕಾದಿರಿಸಿದೆ’ ಎಂದೂ ಹೊಸ ಇಸವಿಯನ್ನೂ ಕಂಡು ಬೆದರಬೇಕಾಗಿಲ್ಲ. ಮರುಮುದ್ರಣದಿಂದ ಹಳೆಯ ಪಠ್ಯಕ್ಕೆ ಹೊಸ ಆಯುಸ್ಸು ಬರುವುದಿಲ್ಲ; ಆ ಸಾಲು ಕಾಯುವುದು ಹೊಸದಾಗಿ ಸೇರಿದ ಬರವಣಿಗೆಯನ್ನು.

ಇಂಗ್ಲಿಷ್ ರೂಪದ ಕಥೆ ಬೇರೆ. ಅಂತರ್ಜಾಲದಲ್ಲಿ ‘ಬಸವಣ್ಣ’ ಎಂಬ ಹೆಸರಿನಡಿ ಓಡಾಡುವ ಚೆಂದದ ಇಂಗ್ಲಿಷ್ ಸಾಲುಗಳಲ್ಲಿ ಅನೇಕವು ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ ಪುಸ್ತಕದವು. ಅದು ಬಂದದ್ದು 1973ರಲ್ಲಿ, ರಾಮಾನುಜನ್ ತೀರಿಕೊಂಡದ್ದು 1993ರಲ್ಲಿ. ಅನುವಾದಕ್ಕೆ ಅದರದೇ ಆದ ಹಕ್ಕಿದೆ, ಎಣಿಕೆ ಅನುವಾದಕರ ಆಯುಸ್ಸಿನ ಮೇಲೆ. ಹೀಗಾಗಿ ಎಂಟುನೂರು ವರ್ಷ ದಾಟಿದ ವಚನದ ಆ ಇಂಗ್ಲಿಷ್ ಸಾಲುಗಳು ಭಾರತದಲ್ಲಿ ಮುಕ್ತವಾಗುವುದು 2054ಕ್ಕೆ. ಫಾರ್ವರ್ಡ್ ಮಾಡಿದವರು ಅನುವಾದಕರ ಹೆಸರನ್ನು ಕತ್ತರಿಸಿರುತ್ತಾರೆ, ಓದುವವರಿಗೆ ಕಾಣುವುದು ಬಸವಣ್ಣನವರ ಹೆಸರು ಮಾತ್ರ. ಹಳೆಯ ಹೆಸರಿನ ಕೆಳಗೆ ಇಂದಿನ ಭಾಷೆ ಕಂಡರೆ ನಡುವೆ ಯಾರೋ ಅನುವಾದಕರು ಇದ್ದಾರೆಂದೇ ತಿಳಿಯಬೇಕು. ಜಲಾಲುದ್ದೀನ್ ರೂಮಿಯ ಇಂಗ್ಲಿಷ್ ಸಾಲುಗಳಿಗೂ ಇದೇ ಮಾತು.

ಗಾಂಧೀಜಿಯ ವಾಕ್ಯದಲ್ಲಿ ಈ ತೊಡಕು ಇನ್ನಷ್ಟು ಕವಲೊಡೆಯುತ್ತದೆ. ಅವರು 1948ರಲ್ಲಿ ಹತರಾದರು. ಬರಹಗಳ ಹಕ್ಕು ಅಹಮದಾಬಾದಿನ ನವಜೀವನ್ ಟ್ರಸ್ಟಿನಲ್ಲಿತ್ತು, 2009ರ ಜನವರಿ 1ಕ್ಕೆ ಮುಗಿಯಿತು. ಆತ್ಮಕಥೆಯನ್ನು ಅವರು ಬರೆದದ್ದು ಗುಜರಾತಿಯಲ್ಲಿ. ಇಂಗ್ಲಿಷಿಗೆ ತಂದ ಮಹಾದೇವ ದೇಸಾಯಿ 1942ರಲ್ಲೇ ತೀರಿಕೊಂಡರು, ಅಲ್ಲಿಗೆ ಅದೂ ಮುಕ್ತ ಎನ್ನಿಸುತ್ತದೆ. ಆದರೆ ದೇಸಾಯಿಯವರೇ ಮುನ್ನುಡಿಯಲ್ಲಿ ಹೇಳಿಕೊಂಡಿರುವಂತೆ, ಬಾರ್ಡೋಲಿ ವಿಚಾರಣೆಗಾಗಿ ಅವರು ದೂರ ಇದ್ದಾಗ ಐದನೆಯ ಭಾಗದ ಕೆಲವು ಅಧ್ಯಾಯಗಳನ್ನು ಪ್ಯಾರೇಲಾಲ್ ಅನುವಾದಿಸಿದರು. ಪ್ಯಾರೇಲಾಲ್ ಬದುಕಿದ್ದು 1982ರವರೆಗೆ. ಒಂದೇ ಪುಸ್ತಕದ ಎರಡು ಅಧ್ಯಾಯಗಳಿಗೆ ಎರಡು ಲೆಕ್ಕ! ಇನ್ನು ಕನ್ನಡದ ಆತ್ಮಕಥೆ ಗೊರೂರು ರಾಮಸ್ವಾಮಿ ಅಯ್ಯಂಗಾರರದು. ಅವರು ತೀರಿಕೊಂಡದ್ದು 1991ರಲ್ಲಿ, ಅವರ ಕನ್ನಡ ವಾಕ್ಯಗಳು 2052ರವರೆಗೆ ಕಾಯಬೇಕು.

ಅಂಗಡಿಯವರಿಗೆ ದಾರಿಯೇ ಇಲ್ಲವೆಂದಲ್ಲ. ಗುಜರಾತಿ ಮೂಲದಿಂದಲೋ ದೇಸಾಯಿಯವರ ಇಂಗ್ಲಿಷ್ ಅಧ್ಯಾಯಗಳಿಂದಲೋ ಬೇಕಾದ ವಾಕ್ಯವನ್ನು ಹೊಸದಾಗಿ ಕನ್ನಡಕ್ಕೆ ತರಿಸಿಕೊಳ್ಳಬಹುದು. ಗೊರೂರರ ವಾಕ್ಯವನ್ನು ಪಕ್ಕದಲ್ಲಿಟ್ಟುಕೊಂಡು ಎರಡು ಪದ ಬದಲಿಸಿದರೆ ಅದು ಹೊಸ ಅನುವಾದವಾಗುವುದಿಲ್ಲ.

ಹಾಗೆ ಮಾಡಿದ ಮೇಲೂ ಗಾಂಧೀಜಿಯ ಮಗ್ಗು ಒಲೆಗೆ ಹೋಗುವ ಮುನ್ನ ಇನ್ನೊಂದು ಕಾಯ್ದೆ ಅಡ್ಡ ನಿಲ್ಲುತ್ತದೆ. 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ಪಟ್ಟಿಯಲ್ಲಿ ಮಹಾತ್ಮ ಗಾಂಧಿ, ನೆಹರೂ, ಛತ್ರಪತಿ ಶಿವಾಜಿ ಮೊದಲಾದವರ ಹೆಸರು ಮತ್ತು ಚಿತ್ರಗಳಿವೆ. ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಅವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಜಾಹೀರಾತಿಗೆ ಬಳಸದ ಕ್ಯಾಲೆಂಡರಿನ ಚಿತ್ರಕ್ಕೆ ಮಾತ್ರ ರಿಯಾಯಿತಿ ಉಂಟು. 2009ರಲ್ಲಿ ಮಾಂಟ್‌ಬ್ಲಾಂಕ್ ಕಂಪನಿ ಗಾಂಧಿ ಚಿತ್ರದ ದುಬಾರಿ ಚಿನ್ನದ ಪೆನ್ನು ತಂದಾಗ ಪ್ರಕರಣ ಕೇರಳ ಹೈಕೋರ್ಟ್ ಮೆಟ್ಟಿಲೇರಿತು, ಭಾರತದಲ್ಲಿ ಅದರ ಮಾರಾಟ ನಿಂತಿತು. ಈ ಕಾಯ್ದೆಗೆ 60 ವರ್ಷದ ಮಿತಿಯೂ ಇಲ್ಲ. ಮಾತು ಮುಕ್ತ, ಅದರ ಕೆಳಗಿನ ಹೆಸರು ಮತ್ತು ಬೋಳುತಲೆಯ ರೇಖಾಚಿತ್ರ ಮುಕ್ತವಲ್ಲ ಎಂಬುದು ವಿಚಿತ್ರವಾದರೂ ನಿಜ.

ಮಾತು ನಿಜವಾಗಿ ಆ ವ್ಯಕ್ತಿಯದೇ ಎಂದು ನೋಡುವುದಂತೂ ಎಲ್ಲಕ್ಕಿಂತ ಮೊದಲಿನ ಕೆಲಸ. ಜಗತ್ತು ಬದಲಾಗಬೇಕಾದರೆ ಆ ಬದಲಾವಣೆ ನಾವೇ ಆಗಬೇಕು ಎನ್ನುವ, ಗಾಂಧೀಜಿಯ ಹೆಸರಿನಲ್ಲಿ ಲೆಕ್ಕವಿಲ್ಲದಷ್ಟು ಮಗ್ಗುಗಳ ಮೇಲೆ ಬಂದಿರುವ ಇಂಗ್ಲಿಷ್ ವಾಕ್ಯ ಅವರ ಬರಹಗಳಲ್ಲಿ ಆ ರೂಪದಲ್ಲಿ ಸಿಕ್ಕಿಲ್ಲ. 1913ರಲ್ಲಿ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಹತ್ತಿರದ ಭಾವದ ಮಾತೊಂದಿದೆ, ಅಷ್ಟೇ. ಹೀಗೆ ತಪ್ಪು ಹೆಸರು ಹೊತ್ತ ಮಾತಿನ ನಿಜವಾದ ಲೇಖಕರು ಇನ್ನೂ ಬದುಕಿರಬಹುದು. ಆಗ 1948ರಿಂದ ಮಾಡಿದ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಆದ್ದರಿಂದ ಪುಸ್ತಕ, ಪುಟ, ಮೊದಲು ಅಚ್ಚಾದ ಇಸವಿ ಈ ಮೂರೂ ಸಿಗುವವರೆಗೆ ಮಾತನ್ನು ವಿನ್ಯಾಸಕ್ಕೆ ಕೊಡದಿರುವುದು ಕ್ಷೇಮ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು archive.org ತಾಣದಲ್ಲಿ ಬೇಕಾದಷ್ಟಿವೆ. ಅಲ್ಲಿ ಸಿಕ್ಕಿತೆಂಬುದು ಮುಕ್ತ ಎಂಬುದಕ್ಕೆ ಪುರಾವೆಯಲ್ಲ, ಇಸವಿ ನೋಡಲು ಮಾತ್ರ ಅದು ಆಧಾರ. ಇಸವಿ ಬೇಕಾಗುವುದಕ್ಕೆ ಇನ್ನೊಂದು ಕಾರಣವಿದೆ. ಲೇಖಕರು ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದ ಡೈರಿ, ಪತ್ರ, ಕವಿತೆಗಳಿಗೆ 60 ವರ್ಷವನ್ನು ಪ್ರಕಟಣೆಯ ವರ್ಷದಿಂದ ಎಣಿಸಬೇಕು.

ಕೊನೆಗೆ ಕಗ್ಗ. ಡಿ.ವಿ.ಜಿ.ಯವರ ಪುಸ್ತಕ ಬಂದದ್ದು 1943ರಲ್ಲಿ, ಅವರು ಹೋದದ್ದು 1975ರಲ್ಲಿ. 61 ಕೂಡಿಸಿದರೆ 2036. ‘ನಾಲ್ಕು ಸಾಲು ತಾನೇ’ ಎಂಬ ಸಮಾಧಾನ ಇಲ್ಲಿ ನಡೆಯದು. ಕಾಯ್ದೆ ಚಿಕ್ಕ ಭಾಗವನ್ನು ಅನುಮತಿಯಿಲ್ಲದೆ ಬಳಸಲು ಬಿಡುವುದು ವಿಮರ್ಶೆ, ವರದಿ, ಖಾಸಗಿ ಅಧ್ಯಯನದಂಥ ಕೆಲಸಕ್ಕೆ. ಮಗ್ಗು ಮಾರಾಟ ಅದರಲ್ಲಿ ಬರುವುದಿಲ್ಲ. ಮೇಲಾಗಿ ಕಗ್ಗದ ಒಂದೊಂದು ಮುಕ್ತಕವೂ ತಾನೇ ಪೂರ್ತಿಯಾದ ಪದ್ಯ, ಅದನ್ನು ಹಾಕುವುದೆಂದರೆ ಒಂದಿಡೀ ಪದ್ಯವನ್ನೇ ಹಾಕಿದಂತೆ. ತಿಳಿದೂ ಲಾಭಕ್ಕಾಗಿ ಉಲ್ಲಂಘಿಸಿದರೆ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಎಂದಿದೆ. ಸಾಮಾನ್ಯವಾಗಿ ಅಷ್ಟು ದೂರ ಹೋಗುವ ಮೊದಲೇ ವಕೀಲರ ನೋಟಿಸು ಬಂದು, ಮಾಡಿಸಿದ ಮಾಲು ಗೋದಾಮಿನಲ್ಲೇ ಉಳಿಯುತ್ತದೆ.

ಕಗ್ಗವೇ ಬೇಕೆಂದರೆ ಹಕ್ಕು ಯಾರಲ್ಲಿದೆ ಎಂದು ಪ್ರಕಾಶಕರನ್ನು ಕೇಳಿ ಲಿಖಿತ ಅನುಮತಿ ಪಡೆಯಬೇಕು. ಪತ್ರದಲ್ಲಿ ಯಾವ ಮುಕ್ತಕ, ಯಾವ ವಸ್ತು, ಎಷ್ಟು ಪ್ರತಿ, ಎಷ್ಟು ಕಾಲ, ಯಾವ ದೇಶ ಎಂದು ಬಿಡಿಸಿ ಬರೆಸಿಕೊಳ್ಳಬೇಕು. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ ತಿಳಿಯುತ್ತದೆ.

ಆ ‘ಯಾವ ದೇಶ’ ಎಂಬುದನ್ನು ಅಮೆರಿಕದ ಕನ್ನಡಿಗರಿಗೆ ಆನ್‌ಲೈನಿನಲ್ಲಿ ಮಾರುವವರು ಮರೆಯುವಂತಿಲ್ಲ. ಆ ಕಾಲದ ಪುಸ್ತಕಗಳಿಗೆ ಅಮೆರಿಕ ಎಣಿಸುವುದು ಲೇಖಕರ ಮರಣದಿಂದಲ್ಲ, ಪ್ರಕಟಣೆಯಿಂದ 95 ವರ್ಷ. 1943ರ ಕಗ್ಗ ಭಾರತದಲ್ಲಿ 2036ರ ಜನವರಿ 1ಕ್ಕೆ ಮುಕ್ತವಾದರೆ, ಅಲ್ಲಿ ಮುಕ್ತವಾಗುವುದು 2039ರ ಜನವರಿ 1ಕ್ಕೆ. ಅಂಗಡಿಯವರ ಚೀಟಿಯಲ್ಲಿ ಈ ನವೆಂಬರಿಗೆ, ಇಲ್ಲಿ ಮಾರಲು, ಯಾರನ್ನೂ ಕೇಳದೆ ಅಚ್ಚಿಗೆ ಕಳಿಸಬಹುದಾದವು ಎರಡೇ: ವಚನದ ಕನ್ನಡ ಮೂಲ ಮತ್ತು ಗೋವಿಂದ ಪೈಗಳ ಎರಡು ಸಾಲು.