ಒಂದು ಟನ್ ಕಲ್ಲು, ಒಂದು ಬೆಣೆ, ಮೂರು ಘರ್ಷಣೆ

ನಮ್ಮ ಹಳೆಯ ಮನೆಯ ರಿಪೇರಿ ನಡೆಯುತ್ತಿದ್ದಾಗ, ಗೋಡೆಗೆ ಒತ್ತಿಕೊಂಡು ಕೂತಿದ್ದ ದಿಂಡುಗಲ್ಲೊಂದನ್ನು ಎರಡು ಬೆರಳಷ್ಟು ಮೇಲೆತ್ತಬೇಕಾಗಿ ಬಂತು. ಮೇಸ್ತ್ರಿ ಹಾರೆಯಿಂದ ಮೀಟಿ ಸಂದು ಮಾಡಿ, ಕಬ್ಬಿಣದ ಬೆಣೆಯ ಮೊನೆಯನ್ನು ಅದರೊಳಗೆ ತೂರಿಸಿ, ಸಮ್ಮಟಿಗೆಯಿಂದ ಬಡಿಯತೊಡಗಿದರು. ಏಳೆಂಟು ಏಟು ಬಿದ್ದರೂ ಬೆಣೆ ಒಳಗೆ ಹೋದದ್ದು ಅಷ್ಟಕ್ಕಷ್ಟೆ. ಇನ್ನೂ ಸಪೂರ ಬೆಣೆ ಮಾಡಿಸಿದ್ದರೆ ಸಲೀಸಾಗುತ್ತಿತ್ತಲ್ಲವೇ ಎಂದು ಕೇಳಿದೆ. ಅವರು ತಲೆಯಾಡಿಸಿದರು. "ಸಪೂರ ಮಾಡಿದ್ರೆ ಏನ್ ಬಂತು ಸ್ವಾಮಿ, ಮೈ ಜಾರ್ಬೇಕು" ಎಂದವರೇ ಬೆಣೆಯನ್ನು ಹೊರಗೆ ತೆಗೆಸಿದರು. ಅದರ ಮೇಲೂ ಕೆಳಗೂ ಒಂದೊಂದು ಕಬ್ಬಿಣದ ತಗಡು ಬರುವಂತೆ ಜೋಡಿಸಿ, ಎರಡೂ ಮೈಗೆ ಗ್ರೀಸ್ ಬಳಿಸಿ ಮತ್ತೆ ಬಡಿದರು. ಈ ಸಲ ಪ್ರತಿ ಏಟಿಗೂ ಬೆಣೆ ಒಳಕ್ಕೆ ಸರಿಯುವುದು ಕಣ್ಣಿಗೆ ಕಾಣುತ್ತಿತ್ತು.

ಅವರ ಆ ಒಂದು ಮಾತಿನ ಹಿಂದೆ ಎಷ್ಟು ಲೆಕ್ಕವಿದೆ ಎಂದು ನಾನು ಆಮೇಲೆ ಕಾಗದದ ಮೇಲೆ ಹಾಕಿ ನೋಡಿದೆ. ಲೆಕ್ಕ ಕಷ್ಟದ್ದಲ್ಲ, ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಮೊದಲು ಅಳತೆಗಳನ್ನು ಇಟ್ಟುಕೊಳ್ಳೋಣ. ಒಂದು ಮೀಟರ್ ಉದ್ದ, 60 ಸೆಂ.ಮೀ. ಅಗಲ, ಅದಕ್ಕಿಂತ ಒಂದೆರಡು ಸೆಂ.ಮೀ. ಹೆಚ್ಚು ಎತ್ತರ ಇರುವ ಗ್ರಾನೈಟ್ ಕಲ್ಲು ಸುಮಾರು 1,000 ಕಿಲೋ ತೂಗುತ್ತದೆ. ನಮ್ಮ ಬೆಣೆ 40 ಸೆಂ.ಮೀ. ಉದ್ದ, ಹಿಂಬದಿಯಲ್ಲಿ 4 ಸೆಂ.ಮೀ. ದಪ್ಪ. ಅಂದರೆ ಹತ್ತು ಸೆಂ.ಮೀ. ಒಳಗೆ ಹೋದರೆ ಕಲ್ಲು ಒಂದು ಸೆಂ.ಮೀ. ಏಳುತ್ತದೆ. ಬೆಣೆಯ ಎದುರು ಬದಿಯಲ್ಲಿ ಗೋಡೆ ಇದೆ. ಬೆಣೆಯ ಓರೆ ಮೈ ಕಲ್ಲನ್ನು ಮೇಲಕ್ಕೆ ಮಾತ್ರವಲ್ಲ, ಮುಂದಕ್ಕೂ ತಳ್ಳುತ್ತದೆ. ಆ ತಳ್ಳಿಗೆ ಅಡ್ಡ ನಿಲ್ಲುವುದು ಗೋಡೆ. ಒಂದು ಅಂಚನ್ನಷ್ಟೇ ಎತ್ತುವಾಗ ಬೆಣೆಯ ಮೇಲೆ ಸುಮಾರು ಅರ್ಧ ಭಾರವೇ ಬೀಳುತ್ತದೆ, ಆದರೆ ಲೆಕ್ಕ ಸರಳವಾಗಿರಲಿ ಎಂದು ಇಡೀ ಭಾರ ಬೆಣೆಯ ಮೇಲಿದೆ ಎಂದೇ ಇಟ್ಟುಕೊಳ್ಳುತ್ತೇನೆ. ಬಲವನ್ನೂ ಕಿಲೋದಲ್ಲೇ ಹೇಳುತ್ತೇನೆ. 100 ಕಿಲೋ ಬಲ ಎಂದರೆ 100 ಕಿಲೋ ತೂಕದ ವಸ್ತು ನೆಲವನ್ನು ಒತ್ತುವಷ್ಟು ಬಲ.

ಘರ್ಷಣೆಯೇ ಇಲ್ಲದ ಲೋಕವಾಗಿದ್ದರೆ ಉತ್ತರ ಒಂದೇ ಸಾಲಿನದು. ಹತ್ತಕ್ಕೆ ಒಂದರ ಓರೆ, ಹಾಗಾಗಿ ಭಾರದ ಹತ್ತನೇ ಒಂದು ಭಾಗ, ಅಂದರೆ 100 ಕಿಲೋ ಬಲ. ಗಟ್ಟಿಮುಟ್ಟಾದ ಇಬ್ಬರು ಆಳುಗಳು ಕೈಯಲ್ಲೇ ತಳ್ಳಿಬಿಡಬಹುದು. ಆದರೆ ನಮ್ಮ ಕಲ್ಲಿನ ಸುತ್ತ ಮೂರು ಕಡೆ ಮೈಗೆ ಮೈ ತಿಕ್ಕುತ್ತದೆ: ಕಲ್ಲಿಗೂ ಗೋಡೆಗೂ ನಡುವೆ, ಬೆಣೆಯ ಮೇಲ್ಮೈಗೂ ಕಲ್ಲಿಗೂ ನಡುವೆ, ಬೆಣೆಯ ತಳಕ್ಕೂ ನೆಲಕ್ಕೂ ನಡುವೆ.

ತಿಕ್ಕಾಟ ಎಷ್ಟು ಎಂಬುದನ್ನು ಅಳೆಯಲು ಮನೆಯಲ್ಲೇ ದಾರಿಯಿದೆ. ಹಲಗೆಯ ಮೇಲೆ ವಸ್ತುವನ್ನಿಟ್ಟು ಹಲಗೆಯನ್ನು ನಿಧಾನವಾಗಿ ಓರೆ ಮಾಡುತ್ತ ಹೋಗಿ. ವಸ್ತು ಜಾರತೊಡಗಿದ ಹೊತ್ತಿಗೆ, ನೆಲದ ಮೇಲೆ 100 ಸೆಂ.ಮೀ. ದೂರಕ್ಕೆ ಹಲಗೆ 30 ಸೆಂ.ಮೀ. ಎತ್ತರ ಏರಿದ್ದರೆ ಆ ಎರಡು ಮೈಗಳ ಘರ್ಷಣಾಂಕ 0.3. ಅಂದರೆ ಒಂದು ಮೈ ಇನ್ನೊಂದನ್ನು 100 ಕಿಲೋ ಬಲದಿಂದ ಒತ್ತಿದಾಗ ಜಾರಿಸಲು 30 ಕಿಲೋ ಬೇಕು. ಒತ್ತಡ ಹೆಚ್ಚಾದಷ್ಟೇ ಪ್ರಮಾಣದಲ್ಲಿ ತಿಕ್ಕಾಟವೂ ಹೆಚ್ಚುತ್ತದೆ, ತಾಗುವ ಜಾಗದ ವಿಸ್ತಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಫ್ರಾನ್ಸಿನ ಅಮೊಂತೋನ್ 1699ರಲ್ಲಿ ಹೇಳಿದ. ಸುಮಾರು ಎಂಬತ್ತು ವರ್ಷಗಳ ಬಳಿಕ ಅದೇ ದೇಶದ ಕುಲಂ ಪ್ರಯೋಗಗಳಿಂದ ಅದನ್ನು ಇನ್ನಷ್ಟು ಗಟ್ಟಿಮಾಡಿದ. ಹಾಗಾಗಿ ಬೆಣೆಯನ್ನು ಅಗಲ ಮಾಡಿದರೆ ತಿಕ್ಕಾಟ ಹೆಚ್ಚೀತು ಎಂಬ ಹೆದರಿಕೆ ಬೇಡ. ಮೂರೂ ಕಡೆ ಘರ್ಷಣಾಂಕ 0.3 ಎಂದುಕೊಂಡು ಮುಂದೆ ಹೋಗೋಣ.

ಇಲ್ಲಿ ಒಂದು ಕ್ರಮವಿದೆ. ಬೆಣೆಯಿಂದ ಶುರುಮಾಡಿದರೆ ಲೆಕ್ಕ ಸಿಕ್ಕಾಗುತ್ತದೆ, ಯಾಕೆಂದರೆ ಅದರ ಮೇಲೆ ಬೀಳುವ ಬಲ ಎಷ್ಟೆಂದು ಇನ್ನೂ ಗೊತ್ತಿಲ್ಲ. ಗೊತ್ತಿರುವುದು ಕಲ್ಲಿನ ತೂಕ ಮಾತ್ರ. ಆದ್ದರಿಂದ ಕಲ್ಲಿನಿಂದಲೇ ಹೊರಡಬೇಕು.

ಬೆಣೆ ಕಲ್ಲನ್ನು ಮೇಲಕ್ಕೆ ಒತ್ತುವಾಗ ಮುಂದಕ್ಕೂ ತಳ್ಳುತ್ತದೆ ಎಂದೆನಲ್ಲ, ಆ ತಳ್ಳು ಎಷ್ಟು? ಬೆಣೆಯ ಓರೆಯಿಂದ 0.1, ಬೆಣೆಯ ಮೈ ಕಲ್ಲಿನ ತಳವನ್ನು ತಿಕ್ಕಿ ತನ್ನ ಜೊತೆ ಎಳೆಯುವುದರಿಂದ 0.3, ಒಟ್ಟು 0.4 ಎನಿಸುತ್ತದೆ. ಆದರೆ ಓರೆ ಮೈಯ ಮೇಲಿನ ಆ ಎಳೆತ ಕಲ್ಲನ್ನು ಒಂದಿಷ್ಟು ಕೆಳಕ್ಕೂ ಜಗ್ಗುತ್ತದೆ. ಅದನ್ನೂ ಸೇರಿಸಲು 0.4ನ್ನು 0.97ರಿಂದ ಭಾಗಿಸಬೇಕು (1ರಲ್ಲಿ 0.1 × 0.3 ಕಳೆದರೆ ಬರುವುದು 0.97). ಉತ್ತರ 0.412. ಅಂದರೆ ಬೆಣೆ ಮೇಲಕ್ಕೆ 1,000 ಕಿಲೋ ಎತ್ತಿದರೆ ಪಕ್ಕಕ್ಕೆ 412 ಕಿಲೋ ತಳ್ಳುತ್ತದೆ.

ಆ ಪಕ್ಕದ ತಳ್ಳು ನೇರವಾಗಿ ಗೋಡೆಗೆ ಬೀಳುತ್ತದೆ. ಕಲ್ಲು ಗೋಡೆಯನ್ನು ತಿಕ್ಕುತ್ತ ಮೇಲೇಳಬೇಕು, ಗೋಡೆಯ ತಿಕ್ಕಾಟ ಅದನ್ನು ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಬೆಣೆ ಎತ್ತಬೇಕಾದದ್ದು ಕಲ್ಲಿನ ತೂಕ ಮಾತ್ರ ಅಲ್ಲ, ಗೋಡೆಯ ಜಗ್ಗನ್ನೂ ಸೇರಿಸಿ. ಹೆಚ್ಚು ಎತ್ತಿದಷ್ಟೂ ತಳ್ಳು ಹೆಚ್ಚು, ತಳ್ಳು ಹೆಚ್ಚಿದಷ್ಟೂ ಜಗ್ಗು ಹೆಚ್ಚು. ಈ ಸುತ್ತು ಎಲ್ಲಿ ನಿಲ್ಲುತ್ತದೆ ಎಂದು ನೋಡಿದರೆ, ಬೆಣೆ ಒಟ್ಟು 1,141 ಕಿಲೋ ಎತ್ತಬೇಕಾಗುತ್ತದೆ. ಗೋಡೆಯ ಮೇಲೆ ಬೀಳುವ ತಳ್ಳು 471 ಕಿಲೋ. ಅದರ 0.3 ಪಾಲು, ಅಂದರೆ 141 ಕಿಲೋ, ಗೋಡೆಯ ಜಗ್ಗು. ತೂಕ ಸಾವಿರಕ್ಕೆ ಅದನ್ನು ಕೂಡಿಸಿದರೆ ಸರಿಯಾಗಿ 1,141.

ಈಗ ಬೆಣೆಗೆ ಬರೋಣ. ಕಲ್ಲು ಅದನ್ನು ಹಿಂದಕ್ಕೆ ತಳ್ಳುವ ಬಲ ಅದೇ 471 ಕಿಲೋ. ಅದರ ತಳ ನೆಲವನ್ನು 1,141 ಕಿಲೋ ಬಲದಿಂದ ಒತ್ತುತ್ತಿದೆ, ಆದ್ದರಿಂದ ನೆಲದ ತಿಕ್ಕಾಟ 342 ಕಿಲೋ. ಎರಡನ್ನೂ ಕೂಡಿಸಿದರೆ 813 ಕಿಲೋ. ನೂರು ಕಿಲೋದ ಕೆಲಸಕ್ಕೆ ಎಂಟುನೂರು ಚಿಲ್ಲರೆ ಬೇಕಾಯಿತು. ಮೂರೂ ಕಡೆಯ ಘರ್ಷಣಾಂಕ ಒಂದೇ ಆಗಿದ್ದರೆ ಇದೇ ಮಾತನ್ನು ಒಂದೇ ಸೂತ್ರದಲ್ಲಿ ಹೇಳಬಹುದು:

P = W × tan(α + 2φ)

P ಬೇಕಾದ ಬಲ, W ಕಲ್ಲಿನ ತೂಕ, α ಬೆಣೆಯ ಕೋನ, φ ಆ ಹಲಗೆಯ ಪರೀಕ್ಷೆಯಲ್ಲಿ ವಸ್ತು ಜಾರತೊಡಗಿದ ಕೋನ. ನಮ್ಮ ಬೆಣೆಯ ಕೋನ 5.7 ಡಿಗ್ರಿ, ಜಾರುವ ಕೋನ 16.7 ಡಿಗ್ರಿ. ಸೂತ್ರದಲ್ಲಿ ಬೆಣೆಯ ಕೋನ ಒಂದೇ ಸಲ ಬರುತ್ತದೆ, ಜಾರುವ ಕೋನ ಎರಡು ಸಲ. ಮೇಸ್ತ್ರಿಯ ಮಾತಿನ ತಿರುಳು ಇಲ್ಲೇ ಇದೆ.

ನಾನು ಹೇಳಿದಂತೆ ಬೆಣೆಯನ್ನು ಸಪೂರ ಮಾಡಿ, ದಪ್ಪವನ್ನು ಅರ್ಧಕ್ಕೆ ಇಳಿಸಿ, ಇಪ್ಪತ್ತಕ್ಕೆ ಒಂದರ ಓರೆ ಕೊಟ್ಟರೆ 813 ಇಳಿದು 734 ಆಗುತ್ತದೆ. ಉಳಿತಾಯ ಹತ್ತನೇ ಒಂದು ಪಾಲು, ಕಲ್ಲು ಏಳುವುದು ಮಾತ್ರ ಮೊದಲಿನ ಅರ್ಧದಷ್ಟು. ಅವರು ಮಾಡಿದಂತೆ ಬೆಣೆಯನ್ನು ಹಾಗೇ ಬಿಟ್ಟು, ಮೇಲೂ ಕೆಳಗೂ ಗ್ರೀಸ್ ಬಳಿದ ತಗಡಿಟ್ಟರೆ? ಆ ಎರಡು ಮೈಗಳ ಘರ್ಷಣಾಂಕ 0.1ಕ್ಕೆ ಇಳಿಯಿತು, ಗೋಡೆಯದು 0.3ರಲ್ಲೇ ಉಳಿಯಿತು ಎನ್ನೋಣ. ಬೇಕಾದ ಬಲ ಸುಮಾರು 320 ಕಿಲೋ. ಅರ್ಧಕ್ಕಿಂತಲೂ ಕಡಿಮೆ. ಅದೇ ಉಸಿರಿನಲ್ಲಿ ಗೋಡೆಯ ಮೇಲಿನ ತಳ್ಳು 471ರಿಂದ ಸುಮಾರು 215 ಕಿಲೋಗೆ ಇಳಿಯುತ್ತದೆ. ಹಳೆಯ ಮಣ್ಣಿನ ಗೋಡೆಗೆ ಇದು ಸಣ್ಣ ವ್ಯತ್ಯಾಸವಲ್ಲ. ಬೆಣೆ ಬಡಿಯುವಾಗ ಎದುರಿನ ಗೋಡೆಯ ಗಾರೆ ಬಿರಿಯುತ್ತಿದೆಯೇ, ಗೋಡೆ ಹೊರಕ್ಕೆ ಉಬ್ಬುತ್ತಿದೆಯೇ ಎಂದು ಒಬ್ಬರು ನೋಡುತ್ತಿರಬೇಕಾದದ್ದು ಇದಕ್ಕೇ.

ಒರಟು ಮೈಯಾದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಿ. ಘರ್ಷಣಾಂಕ 0.6 ಆದರೆ, ಅಂದರೆ ಇಮ್ಮಡಿಯಾದರೆ, ಬೇಕಾದ ಬಲ ಇಮ್ಮಡಿಯಾಗುವುದಿಲ್ಲ, ಮೂರು ಪಟ್ಟಾಗಿ 2,430 ಕಿಲೋ ತಲುಪುತ್ತದೆ. ಕಲ್ಲಿನ ತೂಕಕ್ಕಿಂತಲೂ ಜಾಸ್ತಿ. 0.9ರ ಹತ್ತಿರ ಬಂದರೆ ಗೋಡೆಯ ಜಗ್ಗಿನ ಸುತ್ತಿಗೆ ಕೊನೆಯೇ ಇಲ್ಲ. ಎಷ್ಟು ಬಡಿದರೂ ಕಲ್ಲು ಏಳುವುದಿಲ್ಲ, ಬೆಣೆ ಇಲ್ಲವೇ ಗೋಡೆ ಕೆಡುತ್ತದೆ. ಇಂಥ ಸಿಕ್ಕಿಗೆ ಗುರುತಿದೆ. ಏಟಿನ ಬಲ ಅಷ್ಟೇ ಇದ್ದರೂ ಬೆಣೆ ಸರಿಯುವ ದೂರ ಕಡಿಮೆಯಾಗುತ್ತ ಬರುತ್ತದೆ, ಬೆಣೆಯ ತಲೆ ಅಣಬೆಯಂತೆ ಅಗಲವಾಗತೊಡಗುತ್ತದೆ. ಆಗ ಇನ್ನೂ ಜೋರಾಗಿ ಬಡಿಯಬಾರದು, ಆ ಅಣಬೆಯ ಅಂಚಿನಿಂದ ಚೂರುಗಳು ಚಿಮ್ಮಿ ಕಣ್ಣಿಗೆ ಬೀಳಬಹುದು. ನಿಲ್ಲಿಸಿ ಮೈಗಳನ್ನು ಜಾರಿಸುವ ದಾರಿ ಹುಡುಕಬೇಕು.

ಎಂಟುನೂರು ಕಿಲೋ ಬಲವನ್ನು ಒಬ್ಬ ಮನುಷ್ಯ ಕೊಡುವುದಾದರೂ ಹೇಗೆ? ಸಮ್ಮಟಿಗೆಯಿಂದ. ಐದು ಕಿಲೋ ತಲೆ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಂದು ಬಡಿದರೆ ಅದರಲ್ಲಿ 90 ಜೂಲ್ ಶಕ್ತಿ ಇರುತ್ತದೆ. ಸದ್ದಿನಲ್ಲಿ, ಪುಟಿತದಲ್ಲಿ ಒಂದಿಷ್ಟು ಕಳೆದರೂ, 813 ಕಿಲೋ ತಡೆಯ ಎದುರು ಬೆಣೆಯನ್ನು ಒಂದು ಸೆಂ.ಮೀ.ಗೆ ಸ್ವಲ್ಪ ಕಡಿಮೆ ದೂರ ತಳ್ಳಲು ಅದು ಸಾಕು. ಕಲ್ಲು ಏಳುವುದು ಒಂದು ಮಿಲಿಮೀಟರ್‌ಗಿಂತ ಕಡಿಮೆ. ಅಂಥ ನಲವತ್ತೈವತ್ತು ಏಟು ಬಿದ್ದರೆ ಕಲ್ಲು ಎರಡು ಬೆರಳು ಎದ್ದಿರುತ್ತದೆ.

ಆದರೆ ಒಂದು ಏಟಿಗೂ ಇನ್ನೊಂದಕ್ಕೂ ನಡುವೆ, ಸಮ್ಮಟಿಗೆ ಗಾಳಿಯಲ್ಲಿರುವಾಗ, ಬೆಣೆಯನ್ನು ಯಾರೂ ಹಿಡಿದಿರುವುದಿಲ್ಲ. ಮೇಲೆ ಒಂದು ಟನ್ ಒತ್ತುತ್ತಿದೆ, ಓರೆ ಮೈ ಹಿಂದಕ್ಕೆ ಜಾರಬೇಕು ಎನ್ನುತ್ತಿದೆ. ಜಾರದಂತೆ ಹಿಡಿದಿರುವುದು ಅದೇ ಘರ್ಷಣೆ. ಒಣ ಬೆಣೆಯನ್ನು ಹೊರಕ್ಕೆ ಎಳೆಯಲು ಸುಮಾರು 490 ಕಿಲೋ ಬಲ ಬೇಕು. ಗ್ರೀಸ್ ಬಳಿದ ಬೆಣೆಗೂ 100 ಕಿಲೋ ಬೇಕು, ಅಂದರೆ ಅದೂ ತಾನಾಗಿ ಜಾರುವುದಿಲ್ಲ. ಬೆಣೆಯ ಕೋನ ಜಾರುವ ಕೋನದ ಎರಡರಷ್ಟಕ್ಕಿಂತ ಕಡಿಮೆ ಇರುವವರೆಗೂ ಹಿಡಿತ ಬಿಡುವುದಿಲ್ಲ. ನಮ್ಮ ಬೆಣೆಗೆ ಆ ಗಡಿ ಘರ್ಷಣಾಂಕ 0.05. ಅದಕ್ಕಿಂತ ನುಣುಪಾದರೆ ಬೆಣೆ ತಾನೇ ಹೊರಕ್ಕೆ ಚಿಮ್ಮುತ್ತದೆ, ಕಲ್ಲು ಬೀಳುತ್ತದೆ. ಗಡಿಯ ಹತ್ತಿರ ಇದ್ದಾಗ ಪಕ್ಕದಲ್ಲೇ ನಡೆಯುವ ಯಂತ್ರದ ಅದುರುವಿಕೆಯೂ ಅದನ್ನು ಸಡಿಲಿಸಬಹುದು.

ಕಲ್ಲು ಬೇಕಾದಷ್ಟು ಎದ್ದ ಕೂಡಲೇ ನಮ್ಮ ಮೇಸ್ತ್ರಿ ಅದರ ಅಡಿಗೆ ಚಪ್ಪಡಿ ಚೂರುಗಳನ್ನು ಒತ್ತಾಗಿ ಕೊಟ್ಟರು. ಭಾರ ಆ ಚೂರುಗಳ ಮೇಲೆ ಕೂರುವ ತನಕ ಕಲ್ಲಿನ ಅಡಿಗೆ ಯಾರೂ ಬೆರಳು ಹಾಕಕೂಡದು ಎಂದು ಹುಡುಗರಿಗೆ ಗದರಿದರು. ಎಷ್ಟು ಗ್ರೀಸ್ ಬಳಿದರೆ ಬೆಣೆ ಒಳಗೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿದ್ದಂತೆ, ಅದೇ ಗ್ರೀಸ್ ಬೆಣೆಯ ಹಿಡಿತವನ್ನು ಎಷ್ಟು ಕಡಿಮೆ ಮಾಡಿದೆ ಎಂಬುದೂ ಗೊತ್ತಿತ್ತು.