ಇಸಬಗೋಲು: ಹೊಟ್ಟೇ ಸರಕು, ಲೋಳೆಯೇ ಗುಣ

ತೊಗರಿಯ ನಾಡಾದ ಕಲಬುರಗಿಯಲ್ಲಿ ಹೊಟ್ಟು ಎಂದರೆ ಉಳಿಕೆಯ ವಸ್ತು. ದಾಲ್ ಮಿಲ್ಲಿನಲ್ಲಿ ಕಾಳು ಎಮರಿ ರೋಲರಿಗೆ ಉಜ್ಜಿ ಸಿಪ್ಪೆ ಕಳಚಿದ ಮೇಲೆ ಬೇಳೆ ಪೇಟೆಗೆ ಹೋಗುತ್ತದೆ, ಹೊಟ್ಟು ದನದ ಮೇವಿಗೆ ಹೋಗುತ್ತದೆ. ಗುಜರಾತಿನ ಉಂಝಾ ಮತ್ತು ಸಿದ್ಧಪುರದ ಇಸಬಗೋಲು ಗಿರಣಿಗಳಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಅಲ್ಲಿ ಬೀಜವನ್ನು ಕಲ್ಲುಗಳ ನಡುವೆ ಹಲವು ಸಲ ಹಾಯಿಸಿ, ಜರಡಿ ಹಿಡಿದು, ಗಾಳಿಯಿಂದ ತೂರಿ ತೆಗೆದ ಹೊಟ್ಟೇ ಬೆಲೆಯುಳ್ಳ ಸರಕು. ಒಳಗಿನ ಕಾಳು ದನದ ಮೇವಾಗುತ್ತದೆ. ನೂರು ಕಿಲೋ ಬೀಜದಿಂದ ದೊರೆಯುವ ಹೊಟ್ಟು ಸುಮಾರು 25 ಕಿಲೋ ಮಾತ್ರ.

ಕಲಬುರಗಿಯ ಔಷಧಿ ಅಂಗಡಿಗಳಲ್ಲಿಯೂ ಕಿರಾಣಿ ಅಂಗಡಿಗಳಲ್ಲಿಯೂ ಇಸಬಗೋಲಿನ ಹೊಟ್ಟು ಬಹುಕಾಲದಿಂದ ಮಲಬದ್ಧತೆಯ ಔಷಧವೆಂದು ಮಾರಾಟವಾಗಿದೆ. ಇಂದಿನ ಗ್ರಾಹಕನು ಅದನ್ನು ಕೊಲೆಸ್ಟರಾಲಿಗೆಂದೂ ಕೇಳುತ್ತಾನೆ. ಈ ಬೇಡಿಕೆಗೆ ವೈಜ್ಞಾನಿಕ ಆಧಾರವಿದೆ. ಆದರೆ ಹೊಟ್ಟು ಕೊಲೆಸ್ಟರಾಲನ್ನು ಇಳಿಸುವುದು ಅದು ಕಟ್ಟುವ ಲೋಳೆಯ ಬಲದಿಂದ. ಲೋಳೆ ಕಟ್ಟದ ಹೊಟ್ಟು ನೋಡಲು ಎಷ್ಟೇ ಶುಭ್ರವಾಗಿದ್ದರೂ ಈ ಕೆಲಸಕ್ಕೆ ಒದಗುವುದಿಲ್ಲ. ಸಗಟಾಗಿ ಕೊಂಡು ಪ್ಯಾಕೆಟ್ ಮಾಡಿ ಮಾರುವ ಸಣ್ಣ ಉದ್ಯಮಿಗೆ ಇದು ನೇರವಾಗಿ ಸಂಬಂಧಿಸಿದ ವಿಷಯ.

ಲೋಳೆ ಕಟ್ಟುವ ಬಗೆ

ಇಸಬಗೋಲಿನ ಹೊಟ್ಟು ಬೀಜದ ಹೊರಪದರ. ಅದರಲ್ಲಿ ಕ್ಸೈಲೋಸ್ ಎಂಬ ಸಕ್ಕರೆಯ ಅಣುಗಳು ಉದ್ದನೆಯ ಸರಪಳಿಯಾಗಿ ಜೋಡಣೆಗೊಂಡಿದ್ದು, ಅರಾಬಿನೋಸ್ ಮೊದಲಾದ ಸಕ್ಕರೆಗಳು ಕೊಂಬೆಗಳಂತೆ ಅದಕ್ಕೆ ಅಂಟಿಕೊಂಡಿವೆ. ನೀರು ಸೋಕಿದೊಡನೆ ಈ ಸರಪಳಿಗಳು ಬಿಚ್ಚಿಕೊಂಡು, ಒಂದಕ್ಕೊಂದು ತೊಡಕಿ, ನಡುವೆ ನೀರನ್ನು ಹಿಡಿದಿಡುತ್ತವೆ. ನೆನೆಸಿದ ಕಾಮಕಸ್ತೂರಿ ಬೀಜದ ಸುತ್ತ ಮೂಡುವ ಲೋಳೆಯನ್ನು ಕಂಡವರಿಗೆ ಈ ನೋಟ ಹೊಸದಲ್ಲ.

ಲೋಳೆ ಕಟ್ಟುವ ನಾರುಗಳು ಇನ್ನೂ ಹಲವಿವೆ. ಆದರೆ ಅವುಗಳಲ್ಲಿ ಬಹುಪಾಲನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿ ಕರಗಿಸಿಬಿಡುತ್ತವೆ. ಇಸಬಗೋಲಿನ ಲೋಳೆ ಬಹುಮಟ್ಟಿಗೆ ಹುದುಗದೆ ಕೊನೆಯವರೆಗೂ ಉಳಿಯುತ್ತದೆ. ಮಲವನ್ನು ಮೃದುಗೊಳಿಸುವ ಗುಣ ಬಂದಿರುವುದು ಇದರಿಂದಲೇ. ಕೊಲೆಸ್ಟರಾಲಿನ ಕೆಲಸ ಮಾತ್ರ ಇದಕ್ಕಿಂತ ಮೊದಲೇ, ಸಣ್ಣ ಕರುಳಿನಲ್ಲಿ ನಡೆಯುತ್ತದೆ.

ತಿರುಗುವ ಬಂಡವಾಳ

ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಊಟವಾದಾಗ ಇವು ಪಿತ್ತರಸದೊಡನೆ ಸಣ್ಣ ಕರುಳಿಗೆ ಇಳಿದು, ಎಣ್ಣೆ ಮತ್ತು ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆದು ಜೀರ್ಣಕ್ಕೆ ಅಣಿಮಾಡುತ್ತವೆ. ಕೆಲಸ ಮುಗಿದ ಮೇಲೆ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಸುಮಾರು ಶೇಕಡಾ 95ರಷ್ಟು ಪಿತ್ತಾಮ್ಲ ಮರಳಿ ಹೀರಲ್ಪಟ್ಟು ಯಕೃತ್ತಿಗೆ ಹಿಂದಿರುಗುತ್ತದೆ.

ಇದನ್ನು ವರ್ತಕರ ತಿರುಗುವ ಬಂಡವಾಳಕ್ಕೆ ಹೋಲಿಸಬಹುದು. ದೇಹದಲ್ಲಿರುವ ಪಿತ್ತಾಮ್ಲದ ಒಟ್ಟು ದಾಸ್ತಾನು ಎರಡರಿಂದ ನಾಲ್ಕು ಗ್ರಾಂ ಮಾತ್ರ. ಅದೇ ದಾಸ್ತಾನು ದಿನಕ್ಕೆ ಹಲವು ಸುತ್ತು ತಿರುಗಿ, ಅದರ ಅನೇಕ ಪಟ್ಟು ಕೆಲಸವನ್ನು ಪೂರೈಸುತ್ತದೆ. ದಿನಕ್ಕೆ ಸುಮಾರು ಅರ್ಧ ಗ್ರಾಂನಷ್ಟು ಮಲದಲ್ಲಿ ಹೋಗುತ್ತದೆ. ಅಷ್ಟನ್ನು ಯಕೃತ್ತು ಹೊಸದಾಗಿ ತಯಾರಿಸಿ ಸರಿದೂಗಿಸುತ್ತದೆ.

ಇಸಬಗೋಲು ಕೈಯಿಕ್ಕುವುದು ಈ ಮರಳಿಕೆಯ ಹಾದಿಯಲ್ಲಿ. ಊಟದೊಡನೆ ಸೇವಿಸಿದ ಹೊಟ್ಟು ಕರುಳಿನೊಳಗಿನ ದ್ರವವನ್ನು ಗಟ್ಟಿ ಲೋಳೆಯಾಗಿಸುತ್ತದೆ. ಅದರಲ್ಲಿ ಸಿಲುಕಿದ ಪಿತ್ತಾಮ್ಲ ಕರುಳಿನ ಗೋಡೆಯನ್ನು ತಲುಪಲಾರದೆ ಲೋಳೆಯೊಡನೆಯೇ ಮುಂದಕ್ಕೆ ಸಾಗಿ ಹೊರಬೀಳುತ್ತದೆ. ಹೀಗೆ ದಾಸ್ತಾನು ಕುಗ್ಗಿದೊಡನೆ ಯಕೃತ್ತು ಹೆಚ್ಚು ಪಿತ್ತಾಮ್ಲವನ್ನು ತಯಾರಿಸಬೇಕಾಗುತ್ತದೆ. ಅದಕ್ಕೆ ಬೇಕಾದ ಕಚ್ಚಾವಸ್ತು ಕೊಲೆಸ್ಟರಾಲ್. ಅದನ್ನು ಪಡೆಯಲು ಯಕೃತ್ತಿನ ಕೋಶಗಳು ತಮ್ಮ ಮೇಲ್ಮೈಯಲ್ಲಿ ಎಲ್.ಡಿ.ಎಲ್. ಗ್ರಾಹಕಗಳನ್ನು ಹೆಚ್ಚಿಸಿಕೊಂಡು, ರಕ್ತದಲ್ಲಿರುವ ಎಲ್.ಡಿ.ಎಲ್. ಕಣಗಳನ್ನು ಒಳಗೆ ಸೆಳೆದುಕೊಳ್ಳುತ್ತವೆ. ಕೆಟ್ಟ ಕೊಲೆಸ್ಟರಾಲ್ ಎಂದು ಜನ ಕರೆಯುವ ಅಂಶ ರಕ್ತದಲ್ಲಿ ಇಳಿಯುವುದು ಹೀಗೆ. ಹೊಟ್ಟು ತಾನು ರಕ್ತಕ್ಕೆ ಸೇರುವುದೇ ಇಲ್ಲ.

ಇಸಬಗೋಲು ಪಿತ್ತಾಮ್ಲವನ್ನು 'ಬಂಧಿಸುತ್ತದೆ' ಎನ್ನುವುದು ರೂಢಿಯ ಮಾತು. ಕೊಲೆಸ್ಟೈರಮಿನ್ ಎಂಬ ಔಷಧ ವಿದ್ಯುದಂಶದ ಸೆಳೆತದಿಂದ ಪಿತ್ತಾಮ್ಲವನ್ನು ನೇರವಾಗಿ ಹಿಡಿಯುತ್ತದೆ. ಇಸಬಗೋಲಿನಲ್ಲಿ ಮುಖ್ಯವಾಗಿ ನಡೆಯುವುದು ಲೋಳೆಯೊಳಗೆ ಸಿಲುಕಿಸುವ ಕ್ರಿಯೆ. ಆದ್ದರಿಂದ ಲೋಳೆ ತೆಳುವಾದರೆ ಹಿಡಿತವೂ ಸಡಿಲವಾಗುತ್ತದೆ. ಓಟ್ಸಿನ ನಾರಿನ ಬಗ್ಗೆ 2010ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದೇ ತತ್ತ್ವವನ್ನು ತೋರಿಸಿತು. ಸಂಸ್ಕರಣದಲ್ಲಿ ಅಣುಸರಪಳಿ ತುಂಡಾಗಿ ಲೋಳೆತನ ಕಳೆದುಕೊಂಡ ನಾರಿನ ಪರಿಣಾಮ ಸುಮಾರು ಅರ್ಧಕ್ಕೆ ಇಳಿದಿತ್ತು.

ಎಷ್ಟು ಇಳಿಯುತ್ತದೆ?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1998ರಲ್ಲಿ ಇಸಬಗೋಲಿನ ಹೊಟ್ಟಿಗೆ ಹೃದಯಸಂಬಂಧಿ ಆರೋಗ್ಯ ಹೇಳಿಕೆಯನ್ನು ಅನುಮತಿಸಿತು. ಅದಕ್ಕೆ ನಿಗದಿಯಾದ ಪ್ರಮಾಣ ದಿನಕ್ಕೆ 7 ಗ್ರಾಂ ಕರಗುವ ನಾರು. ಇದು ಸುಮಾರು 10.2 ಗ್ರಾಂ ಹೊಟ್ಟಿನಿಂದ ದೊರೆಯುತ್ತದೆ, ಅಂದರೆ 3.4 ಗ್ರಾಂನಂತೆ ದಿನಕ್ಕೆ ಮೂರು ಸಲ. ಸುಮಾರು ಇದೇ ಪ್ರಮಾಣದ 28 ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಎಲ್.ಡಿ.ಎಲ್. ಸರಾಸರಿ ಇಳಿಕೆ ಡೆಸಿಲೀಟರಿಗೆ ಸುಮಾರು 13 ಮಿಲಿಗ್ರಾಂ. ಎಲ್.ಡಿ.ಎಲ್. 160 ಇರುವವರು ಸರಾಸರಿ ಲೆಕ್ಕದಲ್ಲಿ 147ಕ್ಕೆ ಬರಬಹುದು. ಇದಕ್ಕೆ ಕೆಲವು ವಾರಗಳ ನಿಯಮಿತ ಸೇವನೆ ಬೇಕು, ಬಿಟ್ಟರೆ ಪರಿಣಾಮವೂ ಉಳಿಯದು.

ಇದು ಸ್ಟ್ಯಾಟಿನ್ ಮಾತ್ರೆಗೆ ಬದಲಿಯಲ್ಲ, ಜೊತೆಗಾರನಾಗಬಲ್ಲದು. 2005ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗದಲ್ಲಿ 10 ಮಿಲಿಗ್ರಾಂ ಸಿಮ್ವಾಸ್ಟ್ಯಾಟಿನ್ ಜೊತೆಗೆ ದಿನಕ್ಕೆ 15 ಗ್ರಾಂ ಇಸಬಗೋಲು ಸೇವಿಸಿದವರಲ್ಲಿ, 20 ಮಿಲಿಗ್ರಾಂ ಮಾತ್ರೆಯಿಂದಾದಷ್ಟೇ ಇಳಿಕೆ ಕಂಡುಬಂತು. ಮಾತ್ರೆಯ ಪ್ರಮಾಣವನ್ನು ಬದಲಿಸುವ ತೀರ್ಮಾನ ವೈದ್ಯರದು, ಅಂಗಡಿಯವರದಲ್ಲ.

ಕೋಟನೂರಿನ ಒಂದು ಚೀಲ

ಕೋಟನೂರಿನಲ್ಲಿ ಸಣ್ಣ ಪ್ಯಾಕಿಂಗ್ ಘಟಕ ನಡೆಸುವ ಒಬ್ಬ ವರ್ತಕರು ಉತ್ತರದಿಂದ ಹೊಟ್ಟನ್ನು ತರಿಸಿ, ನೂರು ಗ್ರಾಂ ಪ್ಯಾಕೆಟ್ ಮಾಡಿ ಕಲಬುರಗಿ ಮತ್ತು ಕಮಲಾಪುರದ ಅಂಗಡಿಗಳಿಗೆ ಕೊಡುತ್ತಾರೆಂದು ಇಟ್ಟುಕೊಳ್ಳಬಹುದು. ಪೇಟೆಯಲ್ಲಿ ಹೊಟ್ಟು ಶೇಕಡಾ 85, 95, 98, 99 ಎಂಬ ಶುದ್ಧತೆಯ ದರ್ಜೆಗಳಲ್ಲಿ ಬರುತ್ತದೆ. ಈ ಅಂಕಿ ಹೇಳುವುದು ಕಾಳಿನ ಚೂರು ಮತ್ತು ಕಸ ಎಷ್ಟು ಬೆರೆತಿದೆ ಎಂಬುದನ್ನು. ಹೊಟ್ಟು ಎಷ್ಟು ಉಬ್ಬುತ್ತದೆ ಎಂಬುದನ್ನು ಅದು ಹೇಳದು.

ಅದನ್ನು ತಿಳಿಯಲು ಔಷಧಕೋಶಗಳು ಉಬ್ಬುವಿಕೆಯ ಪರೀಕ್ಷೆಯನ್ನು ನಿಗದಿಪಡಿಸಿವೆ. ಯುರೋಪಿನ ಕ್ರಮದಂತೆ 0.1 ಗ್ರಾಂ ಹೊಟ್ಟನ್ನು 25 ಮಿಲಿಲೀಟರಿನ ಮುಚ್ಚಳವುಳ್ಳ ಅಳತೆಯ ಕೊಳವೆಗೆ ಹಾಕಿ, 1 ಮಿಲಿಲೀಟರ್ ಆಲ್ಕೋಹಾಲಿನಿಂದ ತೇವ ಮಾಡಬೇಕು. ಹೀಗೆ ಮಾಡಿದರೆ ಹೊಟ್ಟು ಮುದ್ದೆಗಟ್ಟುವುದಿಲ್ಲ. ಬಳಿಕ 25ರ ಗುರುತಿನವರೆಗೆ ನೀರು ತುಂಬಿ, ಒಂದು ಗಂಟೆಯ ಕಾಲ ಹತ್ತು ಹತ್ತು ನಿಮಿಷಕ್ಕೆ ಚೆನ್ನಾಗಿ ಕುಲುಕಿ, ಮೂರು ಗಂಟೆ ನಿಲ್ಲಿಸಿ, ಲೋಳೆಯ ಮಟ್ಟವನ್ನು ಓದಬೇಕು. ಮೂರು ಸಲ ಮಾಡಿ ಸರಾಸರಿ ತೆಗೆಯುವುದು ನಿಯಮ. ಒಂದು ಗ್ರಾಂ ಹೊಟ್ಟಿಗೆ ಕನಿಷ್ಠ 40 ಮಿಲಿಲೀಟರ್ ಬರಬೇಕು.

ಈ ವರ್ತಕರ ಮೊದಲ ಚೀಲದ ಮಾದರಿ 4.4, 4.2, 4.3 ಮಿಲಿಲೀಟರ್ ಉಬ್ಬಿತೆನ್ನೋಣ. ಸರಾಸರಿ 4.3, ಅಂದರೆ ಗ್ರಾಂಗೆ 43. ಚೀಲ ತೇರ್ಗಡೆಯಾಯಿತು. ಎರಡನೆಯ ಚೀಲದ ಸರಾಸರಿ 2.8 ಆದರೆ ಗ್ರಾಂಗೆ 28 ಮಾತ್ರ. ದಿನದ 10.2 ಗ್ರಾಂ ಪ್ರಮಾಣಕ್ಕೆ ಮೊದಲ ಚೀಲದ ಹೊಟ್ಟು ಸುಮಾರು 440 ಮಿಲಿಲೀಟರ್ ಲೋಳೆ ಕೊಟ್ಟರೆ, ಎರಡನೆಯದು 285ರಷ್ಟನ್ನು ಮಾತ್ರ ಕೊಡುತ್ತದೆ. ಎರಡು ಪ್ಯಾಕೆಟ್‌ಗಳ ತೂಕ ಒಂದೇ, ಬೆಲೆಯೂ ಒಂದೇ, ಆದರೆ ಗ್ರಾಹಕನಿಗೆ ಸಿಕ್ಕ ಮಾಲು ಬೇರೆ. ಈ ಪರೀಕ್ಷೆಯಲ್ಲಿ ತಪ್ಪಾಗುವುದು ಹೆಚ್ಚಾಗಿ ತೂಕದಲ್ಲಿ. ಹತ್ತು ಮಿಲಿಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿಯಲ್ಲಿ 0.1 ಗ್ರಾಂ ತೂಗಿದರೆ ಫಲಿತಾಂಶ ಶೇಕಡಾ ಹತ್ತರಷ್ಟು ಆಚೀಚೆ ಆದೀತು. ಒಂದು ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು, ಇಲ್ಲವೇ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು.

ಪ್ಯಾಕೆಟ್ಟಿನ ಮೇಲೆ ಏನಿರಬೇಕು

ನೀರು ಹೀರಿ ಉಬ್ಬುವ ಗುಣವೇ ಅಪಾಯಕ್ಕೂ ಕಾರಣ. ಸಾಕಷ್ಟು ನೀರಿಲ್ಲದೆ ನುಂಗಿದ ಹೊಟ್ಟು ಗಂಟಲಲ್ಲಿಯೋ ಅನ್ನನಾಳದಲ್ಲಿಯೋ ಉಬ್ಬಿ ಸಿಕ್ಕಿಕೊಳ್ಳಬಹುದು. ಒಂದು ಪೂರ್ಣ ಲೋಟ ನೀರಿನೊಡನೆ ಕೂಡಲೇ ಕುಡಿಯಬೇಕು, ನುಂಗಲು ತೊಂದರೆಯಿರುವವರೂ ಕರುಳು ಕಟ್ಟಿದ ತೊಂದರೆಯಿರುವವರೂ ಸೇವಿಸಬಾರದು ಎಂಬ ಸೂಚನೆ ಕನ್ನಡದಲ್ಲಿ ದೊಡ್ಡದಾಗಿ ಇರಬೇಕು. ಲೋಳೆ ಪಿತ್ತಾಮ್ಲವನ್ನಷ್ಟೇ ಅಲ್ಲದೆ ಕೆಲವು ಔಷಧಗಳನ್ನೂ ತಡೆಯಬಲ್ಲದಾದ್ದರಿಂದ ಮಾತ್ರೆಗೂ ಹೊಟ್ಟಿಗೂ ನಡುವೆ ಎರಡು ಗಂಟೆಯ ಅಂತರವಿರಲಿ ಎಂದೂ ಸೇರಿಸುವುದು ಒಳ್ಳೆಯದು.

'ಹೃದ್ರೋಗ ಗುಣಪಡಿಸುತ್ತದೆ' ಎಂಬಂಥ ಮಾತನ್ನು ಅಚ್ಚು ಹಾಕಿಸುವುದು ಸಲ್ಲದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಆರೋಗ್ಯ ಹೇಳಿಕೆಗಳಿಗೆ 2018ರ ನಿಯಮಾವಳಿ ಬೇರೆಯೇ ಇದೆ, ಅಚ್ಚಿಗೆ ಮುನ್ನ ಅದನ್ನು ಪರಿಶೀಲಿಸಬೇಕು.

ಘಟಕದೊಳಗಿನ ಎಚ್ಚರಿಕೆಯೊಂದು ಉಳಿದಿದೆ. ಹೊಟ್ಟಿನ ಧೂಳನ್ನು ದಿನವೂ ಉಸಿರಾಡುವ ಕೆಲಸಗಾರರಲ್ಲಿ ಕೆಲವರಿಗೆ ಅಲರ್ಜಿ ಬೆಳೆದು ಸೀನು, ಮೂಗಿನ ಸೋರಿಕೆ, ದಮ್ಮು ಕಾಣಿಸಿಕೊಳ್ಳುವುದು ವೈದ್ಯಕೀಯ ದಾಖಲೆಗಳಲ್ಲಿದೆ. ಅಲರ್ಜಿಗೆ ಮುಖ್ಯ ಕಾರಣ ಬೆರೆತ ಕಾಳಿನ ಚೂರಿನಲ್ಲಿರುವ ಪ್ರೊಟೀನ್ ಎಂದು ಕಂಡುಬಂದಿದೆ. ಹೀಗಾಗಿ ಕೆಳದರ್ಜೆಯ ಹೊಟ್ಟು ತುಂಬುವಲ್ಲಿ ಅಪಾಯ ಹೆಚ್ಚು. ಧೂಳು ಎಳೆಯುವ ಫ್ಯಾನು ಮತ್ತು ಸರಿಯಾದ ಮುಖಗವಸು ಇರಬೇಕು. ಕೆಲಸದ ದಿನ ಉಸಿರು ಕಟ್ಟಿ ರಜೆಯ ದಿನ ಹಗುರವಾಗುವ ಕೆಲಸಗಾರನನ್ನು ತಡಮಾಡದೆ ಆ ಕೋಣೆಯಿಂದ ಬೇರೆ ಕೆಲಸಕ್ಕೆ ಹಾಕಿ ವೈದ್ಯರಿಗೆ ತೋರಿಸಬೇಕು. ಒಮ್ಮೆ ಅಲರ್ಜಿ ಹತ್ತಿದ ಮೇಲೆ ಅಲ್ಪ ಧೂಳೂ ಅವನಿಗೆ ದೊಡ್ಡ ಆಪತ್ತನ್ನು ತಂದೀತು.