ಒಂದೇ ಕೆಲಸಕ್ಕೆ ಇಬ್ಬರ ಕೈ

ಅಪಾರ್ಟ್‌ಮೆಂಟ್ ಒಂದರ ನಿರ್ವಹಣಾ ಕಚೇರಿ ಎಂದುಕೊಳ್ಳಿ. ಅಲ್ಲಿ ಆಗಬೇಕಾದ ಕೆಲಸಗಳೆಲ್ಲ ಒಂದು ಆ್ಯಪ್‌ನಲ್ಲಿ ಪಟ್ಟಿಯಾಗಿವೆ. 57ನೇ ಕೆಲಸ ಬಿ ಬ್ಲಾಕಿನ ಲಿಫ್ಟ್ ದುರಸ್ತಿ. ಗಡುವು ಸೋಮವಾರ, ಹೊಣೆ ಯಾರದೆಂದು ಇನ್ನೂ ಬರೆದಿಲ್ಲ. ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರ್ ತಮ್ಮ ಕಂಪ್ಯೂಟರಿನಲ್ಲಿ ಈ ಕೆಲಸ ತೆರೆದರು. ಐದು ಸೆಕೆಂಡಿನ ಬಳಿಕ ಸೂಪರ್‌ವೈಸರ್ ತಮ್ಮ ಮೊಬೈಲಿನಲ್ಲಿ ಅದನ್ನೇ ತೆರೆದರು. ಬಿಡಿಭಾಗ ಬರುವುದು ತಡವೆಂದು ತಿಳಿದಿದ್ದ ಮ್ಯಾನೇಜರ್ ಗಡುವನ್ನು ಶುಕ್ರವಾರಕ್ಕೆ ಮುಂದೂಡಿ ಸೇವ್ ಮಾಡಿದರು. ಅದಾಗಿ ಎರಡೇ ಸೆಕೆಂಡಿಗೆ ಸೂಪರ್‌ವೈಸರ್, ಹೊಣೆಯ ಜಾಗದಲ್ಲಿ ಮೆಕ್ಯಾನಿಕ್‌ನ ಹೆಸರು ಬರೆದು ತಾವೂ ಸೇವ್ ಒತ್ತಿದರು. ಇಬ್ಬರ ಪರದೆಯ ಮೇಲೂ ‘ಉಳಿಸಲಾಗಿದೆ’ ಎಂದು ಬಂತು.

ಮಧ್ಯಾಹ್ನ ನೋಡಿದರೆ ಗಡುವು ಮತ್ತೆ ಸೋಮವಾರ!

ಯಾರೂ ಅದನ್ನು ಬೇಕೆಂದು ಬದಲಿಸಿಲ್ಲ. ಸೂಪರ್‌ವೈಸರ್ ಸೇವ್ ಒತ್ತಿದಾಗ ಆ್ಯಪ್ ಮೆಕ್ಯಾನಿಕ್‌ನ ಹೆಸರನ್ನಷ್ಟೇ ಅಲ್ಲ, ಇಡೀ ಫಾರ್ಮನ್ನು ಸರ್ವರಿಗೆ ಕಳಿಸಿತು. ಆ ಫಾರ್ಮಿನಲ್ಲಿ ಗಡುವು ಇನ್ನೂ ಸೋಮವಾರವೇ ಇತ್ತು. ಏಕೆಂದರೆ ಅದನ್ನು ತೆರೆದದ್ದು ಮ್ಯಾನೇಜರ್ ಸೇವ್ ಮಾಡುವುದಕ್ಕೆ ಮೊದಲು. ಹಳೆಯ ಮಾಹಿತಿ ಹೊಸದರ ಮೇಲೆ ಕುಳಿತಿತು. ಡೇಟಾಬೇಸ್ ಬಲ್ಲವರು ಇದನ್ನು ‘ಲಾಸ್ಟ್ ಅಪ್‌ಡೇಟ್’ ಎನ್ನುತ್ತಾರೆ. ಇದರ ಕೆಟ್ಟತನವಿರುವುದು ಸದ್ದಿಲ್ಲದೆ ಆಗುವುದರಲ್ಲಿ. ಸರ್ವರಿನ ಲೆಕ್ಕದಲ್ಲಿ ಎರಡೂ ಬದಲಾವಣೆ ಸರಿಯಾಗಿಯೇ ನಡೆದಿವೆ, ಹಾಗಾಗಿ ಲಾಗ್‌ನಲ್ಲಿ ದೋಷದ ಒಂದು ಸಾಲೂ ಸಿಗುವುದಿಲ್ಲ.

ತಡೆಯಲು ಮೊದಲು ಹೊಳೆಯುವ ದಾರಿ ಬೀಗ ಹಾಕುವುದು: ಒಬ್ಬರು ತೆರೆದ ಕೂಡಲೇ ಉಳಿದವರಿಗೆ ಆ ಕೆಲಸ ಮುಟ್ಟಲು ಬಿಡದಿರುವುದು. ಆದರೆ ಇದು ಬಸ್ಸಿನ ಸೀಟಿಗೆ ಕರ್ಚೀಫು ಹಾಕಿ ಕೆಳಗಿಳಿದು ಹೋದಂತೆ. ಹಾಕಿದವರು ಊಟಕ್ಕೆ ಹೋದರೆ, ಮೊಬೈಲಿನ ಚಾರ್ಜು ಮುಗಿದರೆ, ಸೀಟು ಖಾಲಿಯಿದ್ದೂ ಯಾರಿಗೂ ಇಲ್ಲ. ಇಷ್ಟು ಹೊತ್ತಾದ ಮೇಲೆ ಬೀಗ ತಾನೇ ಬಿಡಲಿ ಎಂದರೆ, ಎಷ್ಟು ಹೊತ್ತು ಎಂಬ ತಕರಾರು ಶುರು.

1981ರಲ್ಲಿ ಎಚ್. ಟಿ. ಕುಂಗ್ ಮತ್ತು ಜಾನ್ ಟಿ. ರಾಬಿನ್ಸನ್ ಎಂಬ ಸಂಶೋಧಕರು ಬೀಗವಿಲ್ಲದ ದಾರಿಯೊಂದನ್ನು ಪ್ರಬಂಧವಾಗಿ ಮಂಡಿಸಿದರು. ಇಬ್ಬರ ಕೈ ಒಂದೇ ಕಡೆ ತಾಗುವುದು ಅಪರೂಪ, ಆದ್ದರಿಂದ ಎಲ್ಲರೂ ತಡೆಯಿಲ್ಲದೆ ಓದಿಕೊಳ್ಳಲಿ, ತಿದ್ದಿಕೊಳ್ಳಲಿ. ಬರೆಯುವ ಗಳಿಗೆಯಲ್ಲಿ ಮಾತ್ರ ನಡುವೆ ಬೇರೆಯವರು ಬದಲಿಸಿದ್ದಾರೆಯೇ ಎಂದು ಪರೀಕ್ಷಿಸೋಣ ಎಂಬುದು ಅದರ ತಿರುಳು. ಇದಕ್ಕೆ ‘ಆಪ್ಟಿಮಿಸ್ಟಿಕ್’ ವಿಧಾನವೆಂದು ಹೆಸರು. ಇಂದಿನ ಆ್ಯಪ್‌ಗಳಲ್ಲಿ ಇದರ ಅತಿ ಸರಳ ರೂಪ ವರ್ಷನ್ ಸಂಖ್ಯೆ.

ಪ್ರತಿ ಕೆಲಸದ ಜೊತೆಗೂ ಒಂದು ಅಂಕಿ ಇರುತ್ತದೆ, ಪ್ರತಿ ಬದಲಾವಣೆಗೂ ಅದು ಒಂದು ಹೆಚ್ಚುತ್ತದೆ. ನಮ್ಮ 57ನೇ ಕೆಲಸದ ವರ್ಷನ್ 7 ಆಗಿತ್ತೆನ್ನೋಣ. ತೆರೆದಾಗ ಇಬ್ಬರ ಪರದೆಗೂ ಆ 7 ಬಂದಿರುತ್ತದೆ. ಸೇವ್ ಮಾಡುವಾಗ ಅದೇ 7 ಸರ್ವರಿಗೆ ವಾಪಸು ಹೋಗುತ್ತದೆ. ಮ್ಯಾನೇಜರ್‌ ಮಾಡಿದ ಬದಲಾವಣೆಯನ್ನು ಸರ್ವರು ಡೇಟಾಬೇಸಿಗೆ ಹೇಳುವ ರೀತಿ ಇದು:

```sql
UPDATE tasks
SET due_day = 'Friday', version = version + 1
WHERE id = 57 AND version = 7;
```

ಕೊನೆಯ ಸಾಲಿನಲ್ಲೇ ಎಲ್ಲ ಅಡಗಿದೆ. 57ನೇ ಕೆಲಸ ಇನ್ನೂ 7ರಲ್ಲೇ ಇದ್ದರೆ ಮಾತ್ರ ಬದಲಿಸು ಎಂಬುದು ಷರತ್ತು. ಮ್ಯಾನೇಜರ್ ಸೇವ್ ಮಾಡಿದಾಗ ಅದು 7ರಲ್ಲೇ ಇತ್ತು. ‘ಒಂದು ಸಾಲು ಬದಲಾಯಿತು’ ಎಂದು ಡೇಟಾಬೇಸ್ ಉತ್ತರಿಸಿತು, ವರ್ಷನ್ 8 ಆಯಿತು. ಸೂಪರ್‌ವೈಸರ್ ಅವರ ಆದೇಶವೂ 7 ಎಂದೇ ಹೇಳಿಕೊಂಡು ಬಂದಾಗ ಆ ಷರತ್ತಿಗೆ ಹೊಂದುವ ಸಾಲೇ ಇಲ್ಲ. ಉತ್ತರ: ‘ಬದಲಾದ ಸಾಲು ಸೊನ್ನೆ’. ಆ ಸೊನ್ನೆಯನ್ನು ನೋಡಿ ಆ್ಯಪ್, ನಡುವೆ ಬೇರೆಯವರು ಬದಲಿಸಿದ್ದಾರೆ, ಇಲ್ಲವೇ ಕೆಲಸವನ್ನೇ ಅಳಿಸಿದ್ದಾರೆ ಎಂದು ತಿಳಿಯುತ್ತದೆ. ವೆಬ್‌ನಲ್ಲಿ ಇಂಥ ಹೊತ್ತಿಗೆ ಸರ್ವರುಗಳು 409 ಅಥವಾ 412 ಎಂಬ ಸಂಖ್ಯೆಯ ಉತ್ತರ ಕೊಡುವುದು ರೂಢಿ.

ಇಬ್ಬರೂ ಎರಡು ಸೆಕೆಂಡಿನ ಬದಲು ಒಂದೇ ಕ್ಷಣದಲ್ಲಿ ಒತ್ತಿದ್ದರೆ? ಆಗಲೂ ತೊಂದರೆಯಿಲ್ಲ. ಒಂದು ಸಾಲನ್ನು ಬದಲಿಸುವ ಆ ಪುಟ್ಟ ಅವಧಿಗೆ ಡೇಟಾಬೇಸ್ ತಾನೇ ಬೀಗ ಹಾಕುತ್ತದೆ. ಎರಡನೆಯ ಆದೇಶ ಕಾಯುತ್ತದೆ, ಮೊದಲನೆಯದು ಮುಗಿದ ಮೇಲೆ ಷರತ್ತನ್ನು ಹೊಸ ಸಾಲಿನ ಮೇಲೆ ಮತ್ತೆ ನೋಡುತ್ತದೆ. ಅಷ್ಟರಲ್ಲಿ ಅಲ್ಲಿರುವುದು 8. ಪರೀಕ್ಷೆ ಮತ್ತು ಬರವಣಿಗೆ ಒಂದೇ ಆದೇಶದಲ್ಲಿ ಇರಬೇಕೆನ್ನುವುದು ಇದಕ್ಕೇ. ಮೊದಲು ವರ್ಷನ್ ಓದಿ, ಪ್ರೋಗ್ರಾಮಿನಲ್ಲಿ ಹೋಲಿಸಿ, ಬಳಿಕ ಷರತ್ತಿಲ್ಲದೆ ಬರೆದರೆ ಆ ಸಂದಿನಲ್ಲಿ ಇನ್ನೊಬ್ಬರು ನುಸುಳಬಹುದು. ಅಂಕಿಯ ಬದಲು ಗಡಿಯಾರದ ಸಮಯ ಬಳಸುವವರೂ ಇದ್ದಾರೆ. ಆದರೆ ಸಮಯವನ್ನು ಸೆಕೆಂಡಿನ ಮಟ್ಟಿಗಷ್ಟೇ ಬರೆದಿಟ್ಟರೆ ಒಂದೇ ಸೆಕೆಂಡಿನ ಎರಡು ಬದಲಾವಣೆಗಳು ಒಂದೇ ಎಂದು ಕಾಣುತ್ತವೆ.

ವರ್ಷನ್ ಕಾಲಂ ಇದ್ದೂ ಬದಲಾವಣೆ ಕಳೆದುಹೋಗುವುದುಂಟು. ಸೇವ್ ಬಂದಾಗ ಕೆಲವು ಪ್ರೋಗ್ರಾಮುಗಳು ಡೇಟಾಬೇಸಿನಿಂದ ಕೆಲಸವನ್ನು ಹೊಸದಾಗಿ ಓದುತ್ತವೆ, ಫಾರ್ಮಿನ ಮಾಹಿತಿಯನ್ನು ಅದರ ಮೇಲೆ ನಕಲು ಮಾಡುತ್ತವೆ, ಈಗಷ್ಟೇ ಓದಿದ ವರ್ಷನ್ ಹಿಡಿದುಕೊಂಡು ಬರೆಯುತ್ತವೆ. ಸೂಪರ್‌ವೈಸರ್ ನೋಡಿದ್ದು 7, ಹೋಲಿಕೆಗೆ ಕೊಟ್ಟದ್ದು 8. ಪರೀಕ್ಷೆ ಪಾಸು, ಶುಕ್ರವಾರ ಮಾಯ. ಹೋಲಿಸಬೇಕಾದದ್ದು ಮನುಷ್ಯರು ನೋಡಿದ ವರ್ಷನ್ನನ್ನು, ಸರ್ವರು ಕ್ಷಣದ ಹಿಂದೆ ಓದಿದ್ದನ್ನಲ್ಲ.

ಘರ್ಷಣೆ ಗೊತ್ತಾಯಿತು, ಸರಿ. ಆಮೇಲೇನು? ಹೊಸ ವರ್ಷನ್ ತರಿಸಿಕೊಂಡು ಹಳೆಯ ಫಾರ್ಮನ್ನೇ ತಾನಾಗಿ ಮತ್ತೆ ಕಳಿಸುವುದು ಅತಿ ಕೆಟ್ಟ ಉಪಾಯ. ಅದರಿಂದ ಮೊದಲಿನ ನಷ್ಟವೇ ಎರಡನೇ ಬಾಗಿಲಿನಿಂದ ಒಳಬರುತ್ತದೆ. ‘ಪುಟವನ್ನು ಮತ್ತೆ ತೆರೆಯಿರಿ’ ಎಂದು ಹೇಳಿ ಬರೆದದ್ದನ್ನೆಲ್ಲ ಅಳಿಸುವುದೂ ಕಡಿಮೆ ಕ್ರೂರವಲ್ಲ. ಉತ್ತಮ ದಾರಿಯೆಂದರೆ ಮೂರು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು: ಇಬ್ಬರೂ ತೆರೆದಾಗ ಇದ್ದದ್ದು, ಮ್ಯಾನೇಜರ್ ಉಳಿಸಿದ್ದು, ಸೂಪರ್‌ವೈಸರ್ ಕಳಿಸಿದ್ದು. ಮೊದಲನೆಯದಕ್ಕೆ ಹೋಲಿಸಿದರೆ ಒಬ್ಬರು ಗಡುವನ್ನಷ್ಟೇ ಮುಟ್ಟಿದ್ದಾರೆ, ಇನ್ನೊಬ್ಬರು ಹೊಣೆಯನ್ನಷ್ಟೇ. ಎರಡನ್ನೂ ಸೇರಿಸಿ 9ನೇ ವರ್ಷನ್ ಬರೆದರಾಯಿತು. ಇಬ್ಬರೂ ಗಡುವನ್ನೇ ಬದಲಿಸಿದ್ದರೆ ಎರಡನ್ನೂ ತೋರಿಸಿ ಮನುಷ್ಯರನ್ನೇ ಕೇಳಬೇಕು. ವಿಕಿಪೀಡಿಯ ನಡೆಯುವುದೂ ಹೆಚ್ಚುಕಡಿಮೆ ಹೀಗೆಯೇ: ಒಂದೇ ಪುಟದ ಬೇರೆ ಬೇರೆ ಭಾಗ ತಿದ್ದಿದವರ ಬದಲಾವಣೆಗಳನ್ನು ಸೇರಿಸಲು ನೋಡುತ್ತದೆ, ಆಗದಿದ್ದಾಗ ಎರಡೂ ಪಠ್ಯ ತೋರಿಸಿ ಸಂಪಾದಕರಿಗೇ ಬಿಡುತ್ತದೆ.

ಬೇರೆ ಬೇರೆ ಅಂಕಣಗಳಾದ ಮಾತ್ರಕ್ಕೆ ಸೇರಿಸಬಹುದು ಎಂದೂ ಅಲ್ಲ. ಒಬ್ಬರು ಕೆಲಸವನ್ನು ‘ಮುಗಿದಿದೆ’ ಎಂದು ಗುರುತಿಸುವ ಹೊತ್ತಿಗೆ ಇನ್ನೊಬ್ಬರು ‘ಬಾಗಿಲೂ ಸರಿಯಾಗಿ ಮುಚ್ಚುತ್ತಿಲ್ಲ, ನೋಡಿ’ ಎಂದು ವಿವರಣೆ ಸೇರಿಸಿದರೆ, ಎರಡೂ ಕೂಡಿ ಮುಗಿಯದ ಕೆಲಸಕ್ಕೆ ಮುಗಿದ ಗುರುತು ಬೀಳುತ್ತದೆ. ಯಾವುದನ್ನು ತಾನಾಗಿ ಸೇರಿಸಬೇಕು, ಯಾವುದನ್ನು ಕೇಳಬೇಕು ಎಂಬುದನ್ನು ಆ ಕೆಲಸ ಬಲ್ಲವರೇ ಮೊದಲು ನಿರ್ಧರಿಸಬೇಕು.

ಘರ್ಷಣೆ ಅಪರೂಪವಾಗಿರುವಲ್ಲಿ ಈ ವಿಧಾನ ಸೊಗಸು. ನೂರಾರು ಮಂದಿ ಒಂದೇ ಸಾಲಿಗೆ ಒಟ್ಟಿಗೆ ಮುಗಿಬೀಳುವ ಕಡೆ, ಉದಾಹರಣೆಗೆ ಉಳಿದ ಸೀಟುಗಳ ಎಣಿಕೆಯಲ್ಲಿ, ಪ್ರತಿ ಸಲ ಒಬ್ಬರು ಗೆದ್ದು ಉಳಿದವರೆಲ್ಲ ಮರುಪ್ರಯತ್ನಕ್ಕೆ ಇಳಿಯಬೇಕಾಗುತ್ತದೆ. ಅಲ್ಲಿ ಬೀಗ ಅಥವಾ ಸರತಿಯೇ ವಾಸಿ.

ನಿಮ್ಮ ಕಚೇರಿಯ ಆ್ಯಪ್ ಹೇಗಿದೆ ಎಂದು ತಿಳಿಯಲು ಪ್ರೋಗ್ರಾಮರ್ ಬೇಕಿಲ್ಲ. ಪ್ರಯೋಗಕ್ಕೆಂದೇ ಒಂದು ಸುಳ್ಳು ಕೆಲಸ ಸೃಷ್ಟಿಸಿ, ಎರಡು ಕಿಟಕಿಗಳಲ್ಲಿ ತೆರೆಯಿರಿ. ಒಂದರಲ್ಲಿ ಗಡುವು ಬದಲಿಸಿ ಉಳಿಸಿ. ಇನ್ನೊಂದನ್ನು ರಿಫ್ರೆಶ್ ಮಾಡದೆ, ಬೇರೆ ಗಡುವು ಹಾಕಿ ಉಳಿಸಿ. ಎರಡನೆಯದಕ್ಕೂ ತಕರಾರಿಲ್ಲದೆ ‘ಉಳಿಸಲಾಗಿದೆ’ ಎಂದು ಬಂದರೆ, ಆ್ಯಪ್ ಮಾಡಿಕೊಟ್ಟವರಿಗೆ ಕೂಡಲೇ ತಿಳಿಸಿ.